ಮುಂಜಿಯ ಕರೆಯೋಲೆಯನ್ನು ಓದುವ ಬಗೆ

ಬೇಸಿಗೆ ಬಂತೆಂದರೆ ಮನೆಮನೆಗೂ ಅಂಚಿಗೆ ಅರಿಶಿನ ಹಚ್ಚಿದ ಲಕೋಟೆಗಳು ಬರತೊಡಗುತ್ತವೆ. ಮದುವೆಯ ಪತ್ರಿಕೆಯನ್ನು ಎಲ್ಲರೂ ಬಿಡಿಸಿ ಓದುತ್ತಾರೆ. ಮುಂಜಿಯ ಪತ್ರಿಕೆಯನ್ನು ಓದುವ ಕ್ರಮವೇ ಬೇರೆ. ಹುಡುಗನ ಹೆಸರು, ಛತ್ರದ ಹೆಸರು, ಕೊನೆಗೆ ಊಟದ ಹೊತ್ತು ಇಷ್ಟನ್ನು ನೋಡಿಕೊಂಡು ಪತ್ರಿಕೆಯನ್ನು ಕ್ಯಾಲೆಂಡರಿನ ಮೊಳೆಗೆ ಸಿಕ್ಕಿಸಿದರೆ ಆಯಿತು. ನಡುವೆ ಇರುವ ಶಕ, ಸಂವತ್ಸರ, ತಿಥಿ, ಲಗ್ನ, ಚೌಲ, ಮಾತೃಭೋಜನ, ಭಿಕ್ಷೆ ಎಂಬ ಮಾತುಗಳು ಪುರೋಹಿತರಿಗೆ ಸೇರಿದವು ಎಂಬ ಭಾವನೆ ನಮ್ಮದು. ಆದರೆ ಅತಿಥಿ ಯಾವಾಗ ಹೋಗಬೇಕು, ಏನು ಉಟ್ಟುಕೊಳ್ಳಬೇಕು, ಎಷ್ಟು ಹೊತ್ತಿಗೆ ಉಣ್ಣಬೇಕು ಎಂಬ ಮೂರು ಪ್ರಶ್ನೆಗಳಿಗೂ ಉತ್ತರ ಆ ಮಾತುಗಳಲ್ಲೇ ಇದೆ.

‘ಮುಂಜಿ’ ಎಂಬ ಹೆಸರನ್ನೇ ನೋಡಿ. ಮುಂಜ ಎಂಬುದು ಒಂದು ಜಾತಿಯ ಹುಲ್ಲು. ಅದನ್ನು ಹೊಸೆದು ವಟುವಿನ ಸೊಂಟಕ್ಕೆ ಕಟ್ಟುವ ಹಗ್ಗ ಮೌಂಜಿ. ನಾವಿಂದು ಜನಿವಾರದ ಸಮಾರಂಭ ಎಂದುಕೊಳ್ಳುವ ಕಾರ್ಯಕ್ಕೆ ಕನ್ನಡದಲ್ಲಿ ಹೆಸರು ಕೊಟ್ಟದ್ದು ಜನಿವಾರವಲ್ಲ, ಆ ಹುಲ್ಲಿನ ಉಡಿದಾರ. ಸಂಸ್ಕೃತದ ‘ಉಪನಯನ’ ಎಂದರೆ ಹತ್ತಿರಕ್ಕೆ ಕರೆದೊಯ್ಯುವುದು, ಅಂದರೆ ಓದಿಗಾಗಿ ಗುರುವಿನ ಬಳಿಗೆ. ಪತ್ರಿಕೆಯಲ್ಲಿ ಅಚ್ಚಾಗುವ ‘ಬ್ರಹ್ಮೋಪದೇಶ’ ಗಾಯತ್ರಿಯ ಉಪದೇಶ. ಮೂರೂ ಒಂದೇ ದಿನದ ಕಾರ್ಯದ ಮೂರು ಅಂಗಗಳು.

ಒಂದು ಮಾದರಿ

ಮಾತು ಸ್ಪಷ್ಟವಾಗಲೆಂದು ಒಂದು ಪತ್ರಿಕೆಯನ್ನು ನಾವೇ ಬರೆದುಕೊಳ್ಳೋಣ. ದಿನ 2025ರ ಏಪ್ರಿಲ್ 30 ಇರಲಿ:

‘ಸ್ವಸ್ತಿಶ್ರೀ ನೃಪ ಶಾಲಿವಾಹನ ಶಕ 1947ನೇ ಶ್ರೀ ವಿಶ್ವಾವಸು ನಾಮ ಸಂವತ್ಸರದ ವೈಶಾಖ ಶುದ್ಧ ತದಿಗೆ ಬುಧವಾರ, ರೋಹಿಣಿ ನಕ್ಷತ್ರ, ಬೆಳಿಗ್ಗೆ 9-30ರಿಂದ 10-15ರವರೆಗೆ ಸಲ್ಲುವ ಮಿಥುನ ಲಗ್ನದಲ್ಲಿ ನಮ್ಮ ಮೊಮ್ಮಗನಾದ ಚಿ|| ರಾ|| ...ನಿಗೆ ಬ್ರಹ್ಮೋಪದೇಶ ಮಾಡಲು ಗುರುಹಿರಿಯರು ನಿಶ್ಚಯಿಸಿರುವುದರಿಂದ ತಾವು ಸಕುಟುಂಬ ಸಪರಿವಾರ ಸಮೇತರಾಗಿ ಆಗಮಿಸಿ ವಟುವನ್ನು ಆಶೀರ್ವದಿಸಬೇಕಾಗಿ ಕೋರುವ...’

ಇದರ ಕೆಳಗೆ ಕಾರ್ಯಕ್ರಮ: ‘ಬೆಳಿಗ್ಗೆ 6-00ಕ್ಕೆ ಗಣಪತಿ ಪೂಜೆ, ಪುಣ್ಯಾಹ, ನಾಂದಿ. 7-30ಕ್ಕೆ ಚೌಲ. 8-30ಕ್ಕೆ ಮಾತೃಭೋಜನ. 9-30ಕ್ಕೆ ಮುಹೂರ್ತ. 11-30ಕ್ಕೆ ಭಿಕ್ಷೆ. 12-30ಕ್ಕೆ ಭೋಜನ.’ ಮೂಲೆಯಲ್ಲಿ ‘ಆಶೀರ್ವಾದವೇ ಉಡುಗೊರೆ’. ‘ಚಿ|| ರಾ||’ ಎಂದರೆ ಚಿರಂಜೀವಿ ರಾಜಶ್ರೀ. ಕರೆಯುವವರ ಸ್ಥಾನದಲ್ಲಿ ಅಜ್ಜ ಅಜ್ಜಿಯರ ಹೆಸರು ಬರುವುದು ವಾಡಿಕೆ.

ದಿನದ ಸಾಲು ತಾಳೆ ಆಗಬೇಕು

ಮೊದಲ ಸಾಲು ಅಲಂಕಾರಕ್ಕಲ್ಲ. ಒಂದೇ ದಿನವನ್ನು ಅದು ಐದಾರು ಬಗೆಯಲ್ಲಿ ಹೇಳುತ್ತದೆ. ಹಾಗಾಗಿ ಒಂದು ಕಡೆ ತಪ್ಪಾದರೆ ಇನ್ನೊಂದು ಕಡೆಯಿಂದ ಹಿಡಿಯಬಹುದು. ಹಳೆಯ ಪತ್ರಿಕೆಯ ಅಚ್ಚನ್ನೇ ತಿದ್ದಿ ಹೊಸದನ್ನು ಮಾಡುವಾಗ ದಿನಾಂಕ ಬದಲಾಗಿ ಸಂವತ್ಸರ ಹಾಗೆಯೇ ಉಳಿದುಬಿಡುವುದು ಅಪರೂಪವೇನಲ್ಲ. ಕರಡು ತಿದ್ದುವ ಯಜಮಾನರು ಪಂಚಾಂಗ ಬಿಡಿಸದೆಯೇ ಮಾಡಬಹುದಾದ ಎರಡು ತಾಳೆಗಳನ್ನು ಇಲ್ಲಿ ಹೇಳಬಹುದು.

ಮೊದಲನೆಯದು ವರ್ಷದ್ದು. ಯುಗಾದಿ ಕಳೆದ ಮೇಲೆ ಇಸವಿಯಲ್ಲಿ 78 ಕಳೆದರೆ ಶಕವರ್ಷ ಬರುತ್ತದೆ; ಜನವರಿಯಿಂದ ಯುಗಾದಿಯವರೆಗೆ 79 ಕಳೆಯಬೇಕು. 2025ರಲ್ಲಿ 78 ಕಳೆದರೆ 1947. ಈ ಶಕಕ್ಕೆ 12 ಸೇರಿಸಿ 60ರಿಂದ ಭಾಗಿಸಿದಾಗ ಉಳಿಯುವ ಶೇಷವೇ ಪ್ರಭವದಿಂದ ಎಣಿಸಿದ ಸಂವತ್ಸರದ ಸಂಖ್ಯೆ. 1947ಕ್ಕೆ 12 ಸೇರಿದರೆ 1959; ಅದರಲ್ಲಿ 60ರ 32 ಮಡಿ, ಅಂದರೆ 1920 ಕಳೆದರೆ ಉಳಿದದ್ದು 39. ಮೂವತ್ತೊಂಬತ್ತನೆಯದು ವಿಶ್ವಾವಸು. ಪತ್ರಿಕೆಯಲ್ಲಿ ಕ್ರೋಧಿ ಎಂದು ಉಳಿದಿದ್ದರೆ ಅದು ಹಿಂದಿನ ವರ್ಷದ ಅಚ್ಚು ಎಂದು ತಿಳಿಯಬೇಕು.

ಎರಡನೆಯದು ನಕ್ಷತ್ರದ್ದು. ನಮ್ಮ ಚಾಂದ್ರಮಾಸಗಳಿಗೆ ಹುಣ್ಣಿಮೆಯ ಚಂದ್ರ ಯಾವ ನಕ್ಷತ್ರದ ಸಮೀಪ ಇರುತ್ತಾನೋ ಅದರ ಹೆಸರು. ವೈಶಾಖದ ಹುಣ್ಣಿಮೆಯ ಚಂದ್ರ ವಿಶಾಖೆಯ ಹತ್ತಿರ ಇರುತ್ತಾನೆ. ಅಶ್ವಿನಿಯಿಂದ ಎಣಿಸಿದರೆ ವಿಶಾಖೆ 16ನೆಯದು. ಚಂದ್ರ ದಿನಕ್ಕೆ ಸುಮಾರಾಗಿ ಒಂದು ನಕ್ಷತ್ರ ದಾಟುತ್ತಾನೆ. ತದಿಗೆಯಿಂದ ಹುಣ್ಣಿಮೆಗೆ 12 ದಿನ. 16ರಲ್ಲಿ 12 ಹೋದರೆ 4, ನಾಲ್ಕನೆಯ ನಕ್ಷತ್ರ ರೋಹಿಣಿ. ಲೆಕ್ಕ ಒರಟಾದುದರಿಂದ ಒಂದೆರಡು ನಕ್ಷತ್ರ ಹಿಂದುಮುಂದಾಗಬಹುದು. ಆದರೆ ವೈಶಾಖ ಶುದ್ಧ ತದಿಗೆಯ ಪಕ್ಕದಲ್ಲಿ ಶ್ರವಣ ಎಂದು ಅಚ್ಚಾಗಿದ್ದರೆ ತಿಥಿಯಾಗಲಿ ನಕ್ಷತ್ರವಾಗಲಿ ಎರಡರಲ್ಲೊಂದು ತಪ್ಪು.

ಆ ಮುಕ್ಕಾಲು ಗಂಟೆ ಎಲ್ಲಿಂದ ಬಂತು?

ಮುಹೂರ್ತಕ್ಕೆ 9-30ರಿಂದ 10-15 ಎಂಬ ಸಣ್ಣ ಅವಧಿಯೇ ಏಕೆ ಎಂದು ಕೇಳುವವರುಂಟು. ಲಗ್ನವೆಂದರೆ ಆ ಹೊತ್ತಿನಲ್ಲಿ ಪೂರ್ವದ ಅಂಚಿನಲ್ಲಿ ಏಳುತ್ತಿರುವ ರಾಶಿ. ಸೂರ್ಯ ಹುಟ್ಟುವಾಗ ಅವನಿರುವ ರಾಶಿಯೇ ಮೂಡುತ್ತಿರುತ್ತದೆ. ಏಪ್ರಿಲ್ ಕೊನೆಯಲ್ಲಿ ಸೂರ್ಯ ಮೇಷದ ನಡುವಿನಲ್ಲಿರುವುದರಿಂದ ನಮ್ಮ ಕಡೆ ಬೆಳಿಗ್ಗೆ ಆರರಿಂದ ಸುಮಾರು ಏಳರವರೆಗೆ ಮೇಷ, ಆಮೇಲೆ ಸುಮಾರು ಒಂಬತ್ತರವರೆಗೆ ವೃಷಭ, ಹನ್ನೊಂದರವರೆಗೆ ಮಿಥುನ. ಉಪನಯನ ನಡುಹಗಲಿಗೆ ಮುಂಚೆಯೇ ಆಗಬೇಕೆಂಬುದು ಸಂಪ್ರದಾಯ. ಬುಧವಾರ ಏಳೂವರೆಯಿಂದ ಒಂಬತ್ತು ಯಮಗಂಡ, ಹನ್ನೆರಡರಿಂದ ಒಂದೂವರೆ ರಾಹುಕಾಲ. ಇವುಗಳ ನಡುವೆ ಉಳಿದ ಮಿಥುನದ ಒಳಗೆ ಒಂದು ತುಂಡನ್ನು ಜೋಯಿಸರು ಆರಿಸುತ್ತಾರೆ. ಊಟದ ಹನ್ನೆರಡೂವರೆ ರಾಹುಕಾಲದಲ್ಲೇ ಬಿತ್ತಲ್ಲ ಎಂದು ಯಾರೂ ತಕರಾರು ಮಾಡುವುದಿಲ್ಲ, ಹಸಿವಿಗೆ ಪಂಚಾಂಗವಿಲ್ಲ.

ದಿನವನ್ನೂ ಹಾಗೆಯೇ ಶೋಧಿಸಿ ತೆಗೆಯುತ್ತಾರೆ. ಬ್ರಾಹ್ಮಣನಿಗೆ ವಸಂತ, ಕ್ಷತ್ರಿಯನಿಗೆ ಗ್ರೀಷ್ಮ, ವೈಶ್ಯನಿಗೆ ಶರದೃತು ಎಂದು ಹಳೆಯ ಸೂತ್ರಗಳು ಹೇಳುತ್ತವೆ. ಇಂದು ಕರ್ನಾಟಕದಲ್ಲಿ ಬ್ರಾಹ್ಮಣರಲ್ಲದೆ ವಿಶ್ವಕರ್ಮರು, ಆರ್ಯವೈಶ್ಯರು, ದೈವಜ್ಞರು ಮೊದಲಾದವರಲ್ಲೂ ಮುಂಜಿ ನಡೆಯುತ್ತದೆ. ಎಲ್ಲರಿಗೂ ಅನುಕೂಲವಾಗಿರುವುದು ಶಾಲೆಗೆ ರಜೆಯಿರುವ ಬೇಸಿಗೆ.

ಇದರ ಮೇಲೆ ಗುರು, ಶುಕ್ರ ಗ್ರಹಗಳು ಆಕಾಶದಲ್ಲಿ ಕಾಣಿಸುತ್ತಿರಬೇಕು. ಅವು ಸೂರ್ಯನಿಗೆ ತೀರ ಹತ್ತಿರ ಬಂದು ಅವನ ಬೆಳಕಿನಲ್ಲಿ ಮುಳುಗಿದರೆ ಅದಕ್ಕೆ ಮೌಢ್ಯ ಅಥವಾ ಅಸ್ತ ಎಂದು ಹೆಸರು, ಆಗ ಮುಹೂರ್ತವಿಲ್ಲ. 2024ರಲ್ಲಿ ಹೀಗೇ ಆಯಿತು. ಆ ವರ್ಷ ಮೇ 18ರಂದು ಗುರುವೂ ಜೂನ್ 4ರಂದು ಶುಕ್ರನೂ ಸೂರ್ಯನೊಡನೆ ಒಂದೇ ಗೆರೆಗೆ ಬಂದವು. ಒಂದರ ಮೌಢ್ಯ ಮುಗಿಯುವ ಮೊದಲೇ ಇನ್ನೊಂದರದು ಹಿಡಿದುಕೊಂಡಿದ್ದರಿಂದ ರಜೆಯ ಮೇ ತಿಂಗಳೂ ಅದರ ಮುಂದಿನ ಜೂನ್ ತಿಂಗಳೂ ಬಹುಮಟ್ಟಿಗೆ ಬರಿದಾದವು. ಆ ಬೇಸಿಗೆಯಲ್ಲಿ ಮುಂಜಿಯ ಪತ್ರಿಕೆ ಬರಲಿಲ್ಲವೇಕೆ ಎಂಬುದಕ್ಕೆ ಉತ್ತರ ಆಕಾಶದಲ್ಲಿತ್ತು.

ನಮ್ಮ ಮಾದರಿಯ ದಿನದಲ್ಲಿ ಇನ್ನೊಂದು ಸ್ವಾರಸ್ಯವಿದೆ. ವೈಶಾಖ ಶುದ್ಧ ತದಿಗೆ ಅಕ್ಷಯ ತೃತೀಯೆ. ಅದೇ ದಿನ ಬಸವ ಜಯಂತಿ, ಕರ್ನಾಟಕದಲ್ಲಿ ಸರ್ಕಾರಿ ರಜೆ. ನಡುವಾರದ ಬುಧವಾರವೂ ನೌಕರಿಯ ನೆಂಟರು ಬರಬಹುದಾದದ್ದು ಆ ರಜೆಯಿಂದ. ಎಳೆಯ ವಯಸ್ಸಿನಲ್ಲಿ ಉಪನಯನವನ್ನೇ ಒಲ್ಲೆನೆಂದು ಮನೆಬಿಟ್ಟು ಹೊರಟವರು ಬಸವಣ್ಣನವರು ಎಂದು ಅವರ ಚರಿತೆಗಳು ಹೇಳುತ್ತವೆ. ಜನ್ಮದಿಂದ ಬರುವ ದೀಕ್ಷೆಯನ್ನು ಪ್ರಶ್ನಿಸಿದವರ ಜಯಂತಿಯ ದಿನವೇ ಮುಂಜಿಯ ಛತ್ರಗಳೂ ತುಂಬಿರುತ್ತವೆ. ಈ ನಾಡಿನ ಪಂಚಾಂಗ ಎರಡಕ್ಕೂ ಜಾಗ ಕೊಟ್ಟಿದೆ.

ಯಾವ ಹೊತ್ತಿಗೆ ಹೋಗಬೇಕು?

ಆರು ಗಂಟೆಯ ಪೂಜೆ, ಪುಣ್ಯಾಹ, ನಾಂದಿ ಮನೆಯವರ ಕೆಲಸ. ನಾಂದಿ ಎಂದರೆ ಶುಭಕಾರ್ಯಕ್ಕೆ ಮುಂಚೆ ಪಿತೃಗಳನ್ನು ನೆನೆಯುವುದು. ಚೌಲವೆಂದರೆ ಜುಟ್ಟು ಬಿಟ್ಟು ತಲೆಗೂದಲು ತೆಗೆಯುವ ಸಂಸ್ಕಾರ. ಅದು ಮೂರನೆಯ ವರ್ಷದಲ್ಲಿ ಆಗಬೇಕಾದದ್ದು, ಈಗ ಮುಂಜಿಯ ದಿನಕ್ಕೇ ಸೇರಿಕೊಂಡಿದೆ.

ಅತಿಥಿಗಳು ತಪ್ಪು ತಿಳಿಯುವುದು ‘8-30ಕ್ಕೆ ಮಾತೃಭೋಜನ’ ಎಂಬಲ್ಲಿ. ಇದನ್ನು ತಿಂಡಿಯ ಹೊತ್ತೆಂದು ಬಗೆದು ಎಂಟೂವರೆಗೆ ಕೈತೊಳೆದುಕೊಳ್ಳುವವರಿದ್ದಾರೆ. ಇದು ತಾಯಿ ಮಗ ಒಂದೇ ಎಲೆಯಲ್ಲಿ ಉಣ್ಣುವ ಕೊನೆಯ ಊಟ. ಸುತ್ತ ಈಗಾಗಲೇ ಮುಂಜಿಯಾದ ಕೆಲವು ಹುಡುಗರನ್ನು ಕೂರಿಸಿ ಬಡಿಸುತ್ತಾರೆ. ಇನ್ನು ಮುಂದೆ ಹುಡುಗ ಬ್ರಹ್ಮಚಾರಿ; ಅವನ ಎಲೆ ಬೇರೆ, ನಿಯಮ ಬೇರೆ. ನಿನ್ನೆಯವರೆಗೆ ತುತ್ತು ಮಾಡಿ ಉಣ್ಣಿಸಿದ ಕೈ ಇಂದು ಕೊನೆಯ ತುತ್ತು ಕೊಡುತ್ತದೆ. ಮಂತ್ರವಿಲ್ಲದ ಈ ಹತ್ತು ನಿಮಿಷದಲ್ಲಿ ಬಹಳ ತಾಯಂದಿರ ಕಣ್ಣು ತುಂಬುವುದನ್ನು ಛತ್ರದಲ್ಲಿ ಎಲ್ಲರೂ ನೋಡಿದ್ದಾರೆ. ಹತ್ತಿರದ ಬಂಧುಗಳು ನೋಡಬೇಕಾದದ್ದು ಇದನ್ನು. ದುರದೃಷ್ಟವೆಂದರೆ ಆಗ ಅವರಲ್ಲಿ ಹೆಚ್ಚಿನವರು ಇನ್ನೂ ಬಸ್ಸಿನಲ್ಲಿರುತ್ತಾರೆ.

ಮುಹೂರ್ತದಲ್ಲಿ ತಂದೆ, ತಾಯಿ, ವಟು ಮೂವರ ಮೇಲೂ ಒಂದು ವಸ್ತ್ರ ಹೊದಿಸಿ, ತಂದೆ ಮಗನ ಬಲಗಿವಿಯಲ್ಲಿ ಗಾಯತ್ರಿಯನ್ನು ಹೇಳುತ್ತಾನೆ. ಮೊದಲು ಪಾದ ಪಾದವಾಗಿ, ಆಮೇಲೆ ಅರ್ಧರ್ಧವಾಗಿ, ಕೊನೆಗೆ ಇಡಿಯಾಗಿ. ಅವಸರವಿಲ್ಲದೆ ಪಾಠ ಹೇಳುವ ಕ್ರಮ ಇದು. ಹೊರಗಿನವರಿಗೆ ಏನೂ ಕೇಳಿಸುವುದಿಲ್ಲ, ಕೇಳಿಸಬೇಕಾದದ್ದೂ ಇಲ್ಲ. ಅಕ್ಷತೆ ಹಾಕಲು ಬಯಸುವವರು ಒಂಬತ್ತೂವರೆಗೆ ಮುಂಚೆಯೇ ಒಳಗೆ ಕುಳಿತಿರಬೇಕು. ಕೆಲವು ಮನೆಗಳಲ್ಲಿ ಮುಹೂರ್ತದ ಹೊತ್ತಿಗೆ ಮಂಗಳಾಷ್ಟಕವಾಗಿ, ಉಪದೇಶ ಹೋಮದ ನಡುವೆ ಸ್ವಲ್ಪ ತಡವಾಗಿ ಬರುವುದೂ ಉಂಟು.

ಏನು ಉಡಬೇಕು?

ಪತ್ರಿಕೆಯಲ್ಲಿ ಉಡುಪಿನ ಮಾತು ಮೊದಲು ಇರುತ್ತಿರಲಿಲ್ಲ, ಹೇಳಬೇಕಾದ ಅಗತ್ಯವೇ ಇರಲಿಲ್ಲ. ಈಚೆಗೆ ‘ಸಾಂಪ್ರದಾಯಿಕ ಉಡುಪಿನಲ್ಲಿ ಬನ್ನಿ’ ಎಂಬ ಸಾಲು ಕಾಣಿಸಿಕೊಳ್ಳುತ್ತಿದೆ. ಅದರ ಅರ್ಥ ಎಲ್ಲರಿಗೂ ಒಂದೇ ಅಲ್ಲ.

ಹಸೆಯ ಮೇಲೆ ಕೂರುವವರಿಗೆ ನಿಯಮ ಕಟ್ಟುನಿಟ್ಟು. ಹೊಲಿಗೆ ಬಿದ್ದ ಬಟ್ಟೆ ವೈದಿಕ ಕರ್ಮಕ್ಕೆ ಸಲ್ಲದೆಂಬ ಕಾರಣಕ್ಕೆ ತಂದೆ ಕಚ್ಚೆಪಂಚೆ ಉಟ್ಟು ಶಲ್ಯ ಹೊದೆಯುತ್ತಾನೆ. ಅನೇಕ ಮನೆಗಳಲ್ಲಿ ತಾಯಿ ಒಂಬತ್ತು ಗಜದ ಸೀರೆಯನ್ನು ಕಚ್ಚೆಹಾಕಿ ಉಡುತ್ತಾಳೆ. ವಟುವಿಗೆ ಕೌಪೀನ, ಮೌಂಜಿ, ಮುತ್ತುಗದ ದಂಡ. ಈ ದಂಡದ ಅಳತೆಗೂ ಸೂತ್ರವಿದೆ: ಬ್ರಾಹ್ಮಣ ವಟುವಿಗೆ ತಲೆಗೂದಲ ಎತ್ತರ, ಕ್ಷತ್ರಿಯನಿಗೆ ಹಣೆಯವರೆಗೆ, ವೈಶ್ಯನಿಗೆ ಮೂಗಿನವರೆಗೆ. ಜಿಂಕೆಯ ಚರ್ಮ ಮಾತ್ರ ಹಳೆಯ ಪಟ್ಟಿಯಿಂದ ಬಿಟ್ಟುಹೋಗಬೇಕಾದದ್ದು. ಕೃಷ್ಣಮೃಗ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲ ಅನುಸೂಚಿಯಲ್ಲಿರುವ ಪ್ರಾಣಿ. ಅದರ ಚರ್ಮದ ವ್ಯಾಪಾರ ಅಪರಾಧ. ಜನಿವಾರಕ್ಕೆ ಕಟ್ಟುವ ಬೆರಳಗಲದ ತುಂಡಿಗೂ ಇದು ಅನ್ವಯಿಸುತ್ತದೆ. ಗ್ರಂಥಿಗೆ ಅಂಗಡಿಯಲ್ಲಿ ಅದನ್ನು ಕೇಳದಿರುವುದೇ ಕ್ಷೇಮ.

ಕರೆಸಿಕೊಂಡವರಿಗೆ ಇಷ್ಟೇನೂ ಇಲ್ಲ. ಛತ್ರದಲ್ಲಾದರೆ ಶುಭ್ರವಾದ ಯಾವ ಉಡುಪೂ ಆದೀತು. ಮಠ ಅಥವಾ ದೇವಸ್ಥಾನದಲ್ಲಿ ನಡೆಯುವುದಾದರೆ ಮಾತು ಬೇರೆ. ಅಂಗಿ, ಬನಿಯನ್ ಕಳಚಿ ಪಂಚೆಯಲ್ಲಿ ಕುಳಿತವರಿಗೆ ಮಾತ್ರ ಒಳಗಿನ ಪಂಕ್ತಿ ಎಂಬ ನಿಯಮ ಕೆಲವು ಕಡೆ ಇದೆ. ಅದನ್ನು ಪತ್ರಿಕೆಯಲ್ಲಿ ಒಂದು ಸಾಲಿನಲ್ಲಿ ಹೇಳದಿದ್ದರೆ ಷರಾಯಿ ತೊಟ್ಟು ಬಂದ ಮಿತ್ರನೊಬ್ಬ ಊಟದ ಬಾಗಿಲಲ್ಲಿ ತಡೆಸಿಕೊಂಡು ಮುಜುಗರಪಡುತ್ತಾನೆ. ‘ಪಂಕ್ತಿಗೆ ಪಂಚೆ, ಶಲ್ಯ ಅವಶ್ಯ’ ಎಂದು ಬರೆದರೆ ಯಾರಿಗೂ ಬೇಸರವಾಗದು.

ಮೊದಲ ಭಿಕ್ಷೆ ಯಾರದು?

ಉಪದೇಶದ ನಂತರ ಭಿಕ್ಷೆ. ‘ಭವತಿ ಭಿಕ್ಷಾಂ ದೇಹಿ’ ಎಂದು ವಟು ಕೈಯೊಡ್ಡುತ್ತಾನೆ. ಹೆಂಗಸರು ಅಕ್ಕಿ, ಬೆಲ್ಲ, ತೆಂಗಿನಕಾಯಿ, ದಕ್ಷಿಣೆ ಹಾಕುತ್ತಾರೆ. ‘ಉಡುಗೊರೆ ಬೇಡ’ ಎಂದು ಪತ್ರಿಕೆಯಲ್ಲಿದ್ದರೂ ಭಿಕ್ಷೆಗೆ ಅದು ತಾಗುವುದಿಲ್ಲ. ಏನಾದರೂ ಕೊಡಲು ಬಯಸುವ ಅತಿಥಿಗೆ ಸಲ್ಲುವ ಹೊತ್ತು ಇದು. ಊಟ ಮುಗಿಸಿ ಕೈಗೆ ಕವರು ತುರುಕುವ ಹೊತ್ತಲ್ಲ.

ಇಲ್ಲಿಯೇ ಹಲವು ಮನೆಗಳಲ್ಲಿ ಒಂದು ನೋವು ಮೂಲೆಯಲ್ಲಿ ನಿಂತಿರುತ್ತದೆ. ಗಂಡನನ್ನು ಕಳೆದುಕೊಂಡ ಅಜ್ಜಿ, ಕೆಲವೊಮ್ಮೆ ತಾಯಿಯೇ, ಭಿಕ್ಷೆ ಹಾಕುವ ಸಾಲಿನಿಂದ ಹಿಂದೆ ಸರಿಯುತ್ತಾಳೆ. ಪತ್ರಿಕೆಯಲ್ಲೂ ಆಕೆಯ ಹೆಸರು ಇರುವುದಿಲ್ಲ. ಶಾಸ್ತ್ರ ಹಾಗಿದೆ ಎಂಬ ಮಾತು ಬರುತ್ತದೆ. ಆದರೆ ಶಾಸ್ತ್ರವನ್ನೇ ಬಿಡಿಸಿ ನೋಡಿದರೆ ಅಲ್ಲಿರುವುದು ಬೇರೆ. ಮೊದಲ ಭಿಕ್ಷೆಯನ್ನು ಯಾರಲ್ಲಿ ಬೇಡಬೇಕೆಂಬುದಕ್ಕೆ ಆಶ್ವಲಾಯನ ಗೃಹ್ಯಸೂತ್ರ ಒಂದೇ ಲಕ್ಷಣ ಹೇಳುತ್ತದೆ: ಇಲ್ಲವೆನ್ನದವರಲ್ಲಿ. ಗಂಡಸಾಗಲಿ ಹೆಂಗಸಾಗಲಿ, ಬೇಡಿದವನನ್ನು ಬರಿಗೈಲಿ ಕಳಿಸದವರು ಎಂಬುದಷ್ಟೇ ಅದರ ಅರ್ಥ. ಮನುಸ್ಮೃತಿ ತಾಯಿ, ಅಕ್ಕತಂಗಿ, ತಾಯಿಯ ಸೋದರಿ ಎಂದು ಹೆಸರಿಸುತ್ತದೆ. ಅಲ್ಲಿಯೂ ಬೇಡುವ ಹುಡುಗನಿಗೆ ಅವಮಾನವಾಗದಿರಲಿ ಎಂಬುದೇ ಕಾರಣ. ಆಕೆಯ ಹಣೆಯಲ್ಲಿ ಕುಂಕುಮವಿದೆಯೇ ಎಂದು ಈ ಸಾಲುಗಳು ಕೇಳುವುದಿಲ್ಲ. ಮೊದಲ ಬಾರಿಗೆ ಬೇಡಲು ನಿಂತ ಎಂಟು ವರ್ಷದ ಹುಡುಗನಿಗೆ ಖಂಡಿತವಾಗಿ ಇಲ್ಲವೆನ್ನದವಳು ಯಾರು? ಈ ಪ್ರಶ್ನೆಗೆ ತಾಯಿ ಮತ್ತು ಅಜ್ಜಿಯನ್ನು ಬಿಟ್ಟು ಬೇರೆ ಉತ್ತರ ಹುಡುಕುವುದು ಕಷ್ಟ. ಪತ್ರಿಕೆ ಅಚ್ಚಿಗೆ ಹೋಗುವ ಮುನ್ನ ಮನೆಯವರು ಪುರೋಹಿತರೊಡನೆ ಕುಳಿತು ಮಾತಾಡಿಕೊಳ್ಳಬೇಕಾದ ವಿಷಯ ಇದು. ಸಮಾರಂಭದ ಬೆಳಿಗ್ಗೆ ಹತ್ತು ಜನರ ಎದುರಿಗೆ ಮಾತು ತೆಗೆದರೆ ಸೋಲುವುದು ಆಕೆಯೇ.

ಎಲೆಯ ಲೆಕ್ಕ

ಇನ್ನು ಊಟ. ಕನ್ನಡದ ಪತ್ರಿಕೆ ‘ಸಕುಟುಂಬ ಸಪರಿವಾರ’ ಎಂದು ಕರೆಯುತ್ತದೆ, ಎಷ್ಟು ಜನ ಬರುವಿರೆಂದು ಕೇಳುವುದಿಲ್ಲ. ಅಡುಗೆಯವರು ಮಾತ್ರ ಎಲೆಗೆ ಇಷ್ಟು ಎಂದು ಮುಂಗಡ ಒಪ್ಪಂದ ಕೇಳುತ್ತಾರೆ. ಯಜಮಾನ 150 ಪತ್ರಿಕೆ ಹಂಚಿದನೆನ್ನಿ. ಮನೆಗೆ ನಾಲ್ವರಂತೆ 600 ಜನ. ನಡುವಾರ, ದೂರದ ಊರು, ಅದೇ ದಿನದ ಬೇರೆ ಕರೆಗಳು ಎಲ್ಲ ಕಳೆದು ಅರ್ಧವೆಂದು ಹಿಡಿದರೆ 300 ಎಲೆ. ಛತ್ರದ ಊಟದ ಮನೆ ಒಮ್ಮೆಗೆ ನೂರು ಜನರನ್ನು ಹಿಡಿಸುತ್ತದೆ. ಎಲೆ ಹಾಕಿ, ಬಡಿಸಿ, ಉಂಡು, ಎತ್ತಿ, ಒರೆಸುವುದಕ್ಕೆ ಮುಕ್ಕಾಲು ಗಂಟೆ. ಅಲ್ಲಿಗೆ ಪಂಕ್ತಿಗಳು 12-30, 1-15 ಮತ್ತು 2-00ಕ್ಕೆ. ಕೊನೆಯ ಪಂಕ್ತಿ ಮನೆಯವರದು. ಅವರು ಏಳುವಾಗ ಮೂರು ಹತ್ತಿರ. ಬೆಳಿಗ್ಗೆ ಆರರಿಂದ ಉಪವಾಸವಿರುವ ತಂದೆ ಉಣ್ಣುವುದು ಆಗ. ಪತ್ರಿಕೆಯಲ್ಲಿ ‘12-30ಕ್ಕೆ ಭೋಜನ’ ಎಂದಷ್ಟೇ ಇದ್ದರೆ ಮುನ್ನೂರು ಜನವೂ ಹನ್ನೆರಡೂವರೆಗೆ ಬಾಗಿಲಲ್ಲಿ ನಿಲ್ಲುತ್ತಾರೆ, ಉಣ್ಣುವವರ ಬೆನ್ನ ಹಿಂದೆ ಜಾಗ ಕಾಯುತ್ತಾರೆ. ‘12-30ರಿಂದ 2-30’ ಎಂದು ಬರೆದರೆ ಈ ಕಾಟ ಅರ್ಧ ತಪ್ಪುತ್ತದೆ.

ಬಡಿಸುವ ಕ್ರಮ ಗೊತ್ತಿರುವುದೇ: ತುದಿ ಎಡಕ್ಕೆ ಬರುವಂತೆ ಬಾಳೆಲೆ, ಮೊದಲು ಉಪ್ಪು, ಉಪ್ಪಿನಕಾಯಿ, ಕೋಸಂಬರಿ, ಪಲ್ಯ, ಗೊಜ್ಜು, ಚಿತ್ರಾನ್ನ, ಪಾಯಸ. ಆಮೇಲೆ ಅನ್ನ, ತೊವ್ವೆ, ತುಪ್ಪ. ನಂತರ ಸಾರು, ಹುಳಿ, ಹೋಳಿಗೆ, ಕೊನೆಗೆ ಮಜ್ಜಿಗೆ. ಈರುಳ್ಳಿ ಬೆಳ್ಳುಳ್ಳಿ ಇಲ್ಲ. ಅನ್ನಕ್ಕೆ ತುಪ್ಪ ಬೀಳುವವರೆಗೆ ಕೈಯಿಡದಿರುವುದು ಮರ್ಯಾದೆ. ಮಜ್ಜಿಗೆಯ ನಂತರವೂ ಸಾಲಿನವರೆಲ್ಲ ಮುಗಿಸುವವರೆಗೆ ಕಾಯುವುದೂ ಹಾಗೆಯೇ.

ಹಿಂದೆ ಕರೆಯುವವರು ಅಕ್ಷತೆ ಕುಂಕುಮ ಹಿಡಿದು ಮನೆಗೇ ಬರುತ್ತಿದ್ದರು. ಯಾರು ಯಾವಾಗ ಬರಬೇಕು, ಏನು ಉಡಬೇಕು ಎಂಬುದೆಲ್ಲ ಜಗಲಿಯಲ್ಲಿ ಕಾಫಿ ಕುಡಿಯುವಾಗ ಇತ್ಯರ್ಥವಾಗುತ್ತಿತ್ತು. ‘ಖುದ್ದಾಗಿ ಬರಲಾಗದ್ದಕ್ಕೆ ಮನ್ನಿಸಿ, ಇದನ್ನೇ ನಮ್ಮ ಕರೆಯೆಂದು ಭಾವಿಸಿ’ ಎಂಬ ಸಾಲನ್ನು ಹೊತ್ತು ಬರುವ ಈಗಿನ ಪತ್ರಿಕೆ ಆ ಮಾತುಕತೆಯ ಕೆಲಸವನ್ನೂ ಮಾಡಬೇಕು. ಅದಕ್ಕೆ ಹೆಚ್ಚು ಜಾಗವೇನೂ ಬೇಡ. ತಾಳೆ ಹಾಕಿದ ದಿನದ ಸಾಲು ಒಂದು. ‘ಮಾತೃಭೋಜನಕ್ಕೆ ಹತ್ತಿರದವರು ಎಂಟೂವರೆಗೆ ಬನ್ನಿ, ಭಿಕ್ಷೆ ಹಾಕುವವರು ಹನ್ನೊಂದೂವರೆಗೆ ಇರಿ’ ಎಂಬ ಸಾಲು ಒಂದು. ಪಂಚೆಯ ಮಾತು, ಪಂಕ್ತಿಯ ಅವಧಿ ಇನ್ನೊಂದು. ಇವುಗಳ ಮೇಲೆ, ಕರೆಯುವವರ ಹೆಸರುಗಳ ಮೊದಲ ಸಾಲಿನಲ್ಲಿ, ಹುಡುಗನಿಗೆ ಎಂದೂ ಇಲ್ಲವೆನ್ನದ ಅಜ್ಜಿಯ ಹೆಸರು.